ಕೊಡಗಿನ ಪಹಣಿಯನ್ನು ಸಣ್ಣ ರೈತರಿಗೆ ಓದಿ ಹೇಳುವುದು ಹೇಗೆ?

ಬೆಳೆ ಸಾಲದ ಅರ್ಜಿ ಹಾಕುವ ಕಾಲ ಬಂತೆಂದರೆ, ಊರಲ್ಲಿ ಸ್ವಲ್ಪ ಓದಿದವರ ಮನೆಗೆ ಯಾರಾದರೂ ಪಹಣಿ ಹಿಡಿದುಕೊಂಡು ಬಂದೇ ಬರುತ್ತಾರೆ. "ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ" ಅನ್ನುತ್ತಾರೆ. ಕಾಗದ ಕನ್ನಡದಲ್ಲೇ ಇರುತ್ತದೆ. ಆದರೆ ಫುಟ್ ಖರಾಬು, ವಗೈರೆ, ಪೌತಿ, ಜಮ್ಮ ಇವೆಲ್ಲ ಕಂದಾಯ ಇಲಾಖೆಯ ಕನ್ನಡ. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುವವರಿಗಂತೂ ಇದು ಇನ್ನೂ ದೂರ. ಹಾಗೆ ಓದಿ ಹೇಳಬೇಕಾದವರಿಗಾಗಿ ಈ ಬರಹ. ಎಲ್ಲ ಕಾಲಂಗಳನ್ನೂ ವಿವರಿಸುವುದಿಲ್ಲ. ಕೊಡಗಿನ ಸಣ್ಣ ಹಿಡುವಳಿದಾರರು ಹೆಚ್ಚಾಗಿ ಸಿಕ್ಕಿಬೀಳುವ ಕೆಲವೇ ಪದಗಳನ್ನು ಒಂದು ಉದಾಹರಣೆ ಪಹಣಿಯ ಮೇಲಿಟ್ಟು ನೋಡೋಣ.

ಮೊದಲು ಒಂದು ಪದ್ಧತಿ ಇಟ್ಟುಕೊಳ್ಳಿ. ಒಂದು ಬಿಳಿ ಹಾಳೆಯಲ್ಲಿ ಪ್ರತಿ ಪದಕ್ಕೂ ಮೂರು ವಿಷಯ ಬರೆಯಿರಿ: ಕಾಗದದಲ್ಲಿ ಇರುವ ಪದ ಇದ್ದ ಹಾಗೇ, ಅದರ ಅರ್ಥ ಆಡುಮಾತಿನಲ್ಲಿ, ಮತ್ತು ಅದರಿಂದ ಈ ರೈತರಿಗೆ ಏನಾಗುತ್ತದೆ ಎಂಬುದು. ಇಲಾಖೆಯ ಪದವನ್ನು ತೆಗೆದುಹಾಕಿ ಬರೀ ಅರ್ಥ ಬರೆದುಕೊಟ್ಟರೆ ಉಪಯೋಗವಿಲ್ಲ. ನಾಳೆ ತಾಲ್ಲೂಕು ಕಚೇರಿಯಲ್ಲಿ ನಿಂತು "ನನ್ನ ಅಪ್ಪನ ಪೌತಿ ಆಗಿಲ್ಲ" ಅಂತ ಅವರೇ ಹೇಳಬೇಕಾಗುತ್ತದೆ. ಕೌಂಟರಿನಲ್ಲಿ ಕೂತವರಿಗೆ ಗೊತ್ತಾಗುವುದು ಆ ಪದ ಮಾತ್ರ.

ಮೊದಲು ಸರಿಯಾದ ಕಾಗದ

ರೈತರ ಕೈಯಲ್ಲಿರುವುದು ಎಷ್ಟೋ ಸಲ ನಾಲ್ಕೈದು ವರ್ಷ ಹಳೆಯ, ಮಡಚಿ ಮಡಚಿ ಅಕ್ಷರ ಅಳಿಸಿಹೋದ ಪ್ರತಿ. ಅದನ್ನು ಓದಿ ಹೇಳಲು ಹೋಗಬೇಡಿ. ಮೊದಲು ಈ ವರ್ಷದ್ದನ್ನು ನೋಡಿ. ಮೊಬೈಲಿನಲ್ಲಿ landrecords.karnataka.gov.in ತೆರೆದು, ಪಹಣಿ ನೋಡುವ ಭಾಗಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಬೇಕು. ಆಮೇಲೆ Surnoc ಅಂತ ಒಂದು ಕೇಳುತ್ತದೆ. ಹೆಚ್ಚಿನ ಜಮೀನಿಗೆ ಅಲ್ಲಿ ಬರೀ * ಗುರುತು ಇರುತ್ತದೆ, ಅದನ್ನೇ ಒತ್ತಿ. ಕೊನೆಗೆ ಹಿಸ್ಸಾ ನಂಬರ್. ಸರ್ವೆ ನಂಬರ್ 47/2 ಅಂದರೆ 47 ಸರ್ವೆ ನಂಬರ್, 2 ಹಿಸ್ಸಾ, ಅಂದರೆ 47ನೇ ನಂಬರಿನ ಜಮೀನನ್ನು ಪಾಲು ಮಾಡಿದಾಗ ಬಂದ ಎರಡನೇ ತುಂಡು.

ತಾಲ್ಲೂಕು ಆರಿಸುವಾಗಲೇ ಕೆಲವರು ಎಡವುತ್ತಾರೆ. ಹಳೆ ಪತ್ರದಲ್ಲಿ ವಿರಾಜಪೇಟೆ ತಾಲ್ಲೂಕು ಅಂತ ಇರುತ್ತದೆ, ಅಲ್ಲಿ ಹುಡುಕಿದರೆ ಊರೇ ಸಿಗುವುದಿಲ್ಲ. ಮೊದಲು ಜಿಲ್ಲೆಯಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರೇ ತಾಲ್ಲೂಕು ಇದ್ದವು. ಪೊನ್ನಂಪೇಟೆ, ಕುಶಾಲನಗರ ಆಮೇಲೆ ಬಂದವು. ಶ್ರೀಮಂಗಲ, ಹುದಿಕೇರಿ, ಬಾಳೆಲೆ ಕಡೆಯವರು ಪೊನ್ನಂಪೇಟೆಯಲ್ಲೂ, ಸುಂಟಿಕೊಪ್ಪದ ಕಡೆಯವರು ಕುಶಾಲನಗರದಲ್ಲೂ ನೋಡಬೇಕು.

ತೆರೆಯ ಮೇಲೆ ಕಾಣುವುದು ತಿಳಿದುಕೊಳ್ಳಲಿಕ್ಕೆ ಮಾತ್ರ. ಬ್ಯಾಂಕಿಗೋ ಕಚೇರಿಗೋ ಕೊಡಲು ನಾಡಕಚೇರಿಯಿಂದಲೋ ಆನ್‌ಲೈನಿನಲ್ಲಿ ಶುಲ್ಕ ಕಟ್ಟಿಯೋ ಪಡೆದ ಅಧಿಕೃತ ಪ್ರತಿ ಬೇಕು.

ಉದಾಹರಣೆ ಪಹಣಿ

ಪೊನ್ನಂಪೇಟೆ ತಾಲ್ಲೂಕಿನ ಒಂದು ಊರು ಅಂದುಕೊಳ್ಳಿ. ಸರ್ವೆ ನಂಬರ್ 47/2, ಒಟ್ಟು 3.60. ಖರಾಬು ಎ 0.10, ಖರಾಬು ಬಿ 0.15, ಉಳಿಕೆ 3.35. ಜಮೀನಿನ ಬಗೆಯಲ್ಲಿ ಜಮ್ಮ ಅಂತಿದೆ. ಕಾಲಂ 9ರಲ್ಲಿ ಈ ರೈತರ ದೊಡ್ಡಜ್ಜನ ಹೆಸರು, ಪಕ್ಕದಲ್ಲಿ "ಪಟ್ಟೆದಾರ", ಆಮೇಲೆ "ವಗೈರೆ". ಕೆಳಗೆ ಇನ್ನೂ ಎರಡು ಹೆಸರು, ಅದರಲ್ಲೊಂದು ತೀರಿಹೋದ ಅಪ್ಪನದು. ಕಾಲಂ 10ರಲ್ಲಿ "ಪೌತಿ, ಎಂ.ಆರ್. 12/1987-88". ಕಾಲಂ 11ರಲ್ಲಿ ಒಂದು ಸಾಲದ ನಮೂದು, 60,000 ರೂಪಾಯಿ. ರೈತರು ಈ ಜಮೀನಿನಲ್ಲಿ ಸುಮಾರು ಒಂದು ಎಕರೆ ಕಾಫಿ ನೋಡಿಕೊಂಡಿದ್ದಾರೆ. ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಅವರು ಕೇಳುವ ಪ್ರಶ್ನೆ ಒಂದೇ: "ಇದು ನಮ್ಮದು ಹೌದೋ ಅಲ್ಲವೋ?"

ಕೊಡಗಿನಲ್ಲಿ ಇಂಥ ಪಹಣಿ ಅಪರೂಪವೇನಲ್ಲ.

ವಿಸ್ತೀರ್ಣ: ಗುಂಟೆಯೋ ಸೆಂಟೋ?

3.60 ಅಂದರೆ 3 ಎಕರೆ 60 ಸೆಂಟ್. ಕೊಡಗಿನಲ್ಲಿ ಎಕರೆಗೆ 100 ಸೆಂಟಿನ ಲೆಕ್ಕ ನಡೆಯುತ್ತದೆ. ಪಕ್ಕದ ಪಿರಿಯಾಪಟ್ಟಣ, ಅರಕಲಗೂಡು ಕಡೆ ಎಕರೆಗೆ 40 ಗುಂಟೆ. ಆ ಕಡೆಯ ನೆಂಟರೋ ದಲ್ಲಾಳಿಯೋ ಓದಿ ಹೇಳಿದರೆ ಲೆಕ್ಕ ತಪ್ಪುತ್ತದೆ. ಚುಕ್ಕೆಯ ನಂತರದ ಸಂಖ್ಯೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅನುಮಾನವೇ ಬೇಡ, ಅದು ಸೆಂಟ್. ತೊಂದರೆ ಬರುವುದು 2.20 ಥರದ ಅಂಕಿಯಲ್ಲಿ. ಸೆಂಟ್ ಅಂತ ಓದಿದರೆ ಎರಡು ಎಕರೆ ಇಪ್ಪತ್ತು ಸೆಂಟ್. ಗುಂಟೆ ಅಂತ ಓದಿದರೆ ಎರಡೂವರೆ ಎಕರೆ. ಮಧ್ಯೆ 30 ಸೆಂಟ್ ವ್ಯತ್ಯಾಸ. ಒಂದು ಗುಂಟೆಗೆ ಎರಡೂವರೆ ಸೆಂಟ್ ಅಂತ ನೆನಪಿಟ್ಟುಕೊಂಡರೆ ಸಾಕು. ಹಾಳೆಯಲ್ಲಿ ಬರೆಯುವಾಗ ಬರೀ ಅಂಕಿ ಬರೆಯಬೇಡಿ, "ಮೂರು ಎಕರೆ ಅರವತ್ತು ಸೆಂಟ್" ಅಂತ ಅಕ್ಷರದಲ್ಲಿ ಬರೆಯಿರಿ.

ಖರಾಬು

"ಖರಾಬು ಅಂದರೆ ಹಾಳು ಜಾಗ" ಅಂತ ಹೇಳಿ ಮುಗಿಸಿದರೆ ರೈತರಿಗೆ ಅರ್ಧ ಸುಳ್ಳು ಹೇಳಿದ ಹಾಗೆ. ಎರಡು ಬಗೆಯ ಖರಾಬಿದೆ, ಎರಡರ ಪರಿಣಾಮ ಬೇರೆ ಬೇರೆ.

ಎ ಖರಾಬು ಅಂದರೆ ಸರ್ವೆ ಮಾಡಿದಾಗ ಬೇಸಾಯಕ್ಕೆ ಆಗುವುದಿಲ್ಲ ಅಂತ ಬಿಟ್ಟ ಜಾಗ. ಬಂಡೆ ಇರಬಹುದು, ಹಿಡುವಳಿದಾರರದೇ ಕಣ, ಕೊಟ್ಟಿಗೆ ಇದ್ದ ಜಾಗವೂ ಇರಬಹುದು. ಅದಕ್ಕೆ ಕಂದಾಯ ಹಾಕಿಲ್ಲ. ಸಾಮಾನ್ಯವಾಗಿ ಅದು ಜಮೀನಿನ ಜೊತೆಗೇ ಇರುತ್ತದೆ.

ಬಿ ಖರಾಬು ಹಾಗಲ್ಲ. ರಸ್ತೆ, ಊರವರು ನಡೆಯುವ ದಾರಿ, ಬೇರೆಯವರೂ ನೀರು ಬಳಸುವ ತೋಡು ಅಥವಾ ಕೆರೆ, ಸ್ಮಶಾನ ಇಂಥ ಸಾರ್ವಜನಿಕ ಕೆಲಸಕ್ಕೆ ಬಿಟ್ಟ ಜಾಗ ಅದು. ನಿಮ್ಮ ಸರ್ವೆ ನಂಬರಿನ ಒಳಗೆ ಇದೆ, ಆದರೆ ನಿಮ್ಮದಲ್ಲ. ತೋಡಿನ ಬದಿಯ ಬಿ ಖರಾಬಿನಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸಿ, ಇಷ್ಟು ವರ್ಷದಿಂದ ನಾವೇ ನೋಡಿಕೊಂಡಿದ್ದೇವೆ ಅನ್ನುವವರಿದ್ದಾರೆ. ನೋಡಿಕೊಂಡಿರಬಹುದು. ಆದರೆ ಮಾರುವಾಗಲೋ ಪಾಲು ಮಾಡುವಾಗಲೋ ಅದನ್ನು ಲೆಕ್ಕಕ್ಕೆ ಹಿಡಿದರೆ ಜಗಳ ಖಂಡಿತ.

ನಮ್ಮ ಉದಾಹರಣೆಯಲ್ಲಿ 3.60ರಿಂದ 0.10, 0.15 ಕಳೆದರೆ 3.35. ಇನ್ನು ಕಾಲಂ 9ಕ್ಕೆ ಹೋಗಿ ಅಲ್ಲಿರುವ ವಿಸ್ತೀರ್ಣಗಳನ್ನು ಕೂಡಿ. ಕಾಲಂ 3ರ ಉಳಿಕೆಗೂ ಕಾಲಂ 9ರ ಮೊತ್ತಕ್ಕೂ ತಾಳೆ ಆಗಬೇಕು. ಆಗದಿದ್ದರೆ ಕಚೇರಿಯ ಭಾಷೆಯಲ್ಲಿ ಅದಕ್ಕೆ "ಮೂರು-ಒಂಬತ್ತು ತಾಳೆ ಇಲ್ಲ" ಅನ್ನುತ್ತಾರೆ. ಅದು ಸರಿಯಾಗದೆ ಮುಂದಿನ ಯಾವ ಕೆಲಸವೂ ಸಲೀಸಾಗಿ ಸಾಗುವುದಿಲ್ಲ. ಯಾವ ಅಂಕಿ ಸರಿ ಅಂತ ಗೊತ್ತಾಗಲು ಸರ್ವೆ ಇಲಾಖೆಯ ಆಕಾರ್‌ಬಂದ್ ನೋಡಬೇಕು. ಆಕಾರ್‌ಬಂದ್ ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಬರೆದಿಟ್ಟ ಮೂಲ ಪುಸ್ತಕ. ಪಹಣಿಯನ್ನು ಕೈಬರಹದಿಂದ ಕಂಪ್ಯೂಟರಿಗೆ ಹಾಕುವಾಗ ಅಂಕಿ ತಪ್ಪಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಜಮ್ಮ, ಸಾಗು, ಬಾಣೆ

ಈ ಪದಗಳನ್ನು ಮೈಸೂರು ಕಡೆಯ ಮಾರ್ಗದರ್ಶಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವು ಕೊಡಗಿನವು. ರಾಜರ ಕಾಲದಿಂದ ಬಂದು, ಬ್ರಿಟಿಷರ ಕಾಲದಲ್ಲಿ 1899ರ ಕೊಡಗು ಭೂಕಂದಾಯ ಕಾನೂನಿನ ಕೆಳಗೆ ನಡೆದು, 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಬಂದ ಮೇಲೂ ಕಾಗದದಲ್ಲಿ ಉಳಿದುಕೊಂಡಿವೆ.

ಜಮ್ಮ ಅಂದರೆ ವಂಶಪಾರಂಪರ್ಯವಾಗಿ ಅನುಭವಿಸಲು ಕೊಟ್ಟ ಜಮೀನು. ರಾಜರಿಗೆ ಸೇವೆ ಸಲ್ಲಿಸುವ ಕರಾರಿನ ಮೇಲೆ ಕೊಟ್ಟದ್ದು. ಅದಕ್ಕೆ ಕಂದಾಯ ಕಡಿಮೆ, ಸಾಗು ಜಮೀನಿನ ದರದ ಅರ್ಧ. ಸಾಗು ಅಂದರೆ ಪೂರ್ತಿ ಕಂದಾಯ ಕಟ್ಟುವ ಮಾಮೂಲು ಹಿಡುವಳಿ. ಇಲ್ಲಿ ಒಂದು ಎಚ್ಚರ: "ಸಾಗು" ಬೇರೆ, ಕಾಲಂ 12ರಲ್ಲಿ ಬರುವ "ಸಾಗುವಳಿದಾರ" ಬೇರೆ. ಮೊದಲನೆಯದು ಜಮೀನಿನ ಬಗೆ. ಎರಡನೆಯದು ಈಗ ಉಳುತ್ತಿರುವವರು. ಸಾಗು ಅಂತ ಬರೆದಿದ್ದನ್ನು ನೋಡಿ "ನೀವು ಬರೀ ಉಳುವವರು ಅಂತ ಹಾಕಿದ್ದಾರೆ" ಅಂತ ಯಾರೋ ಹೇಳಿ, ಪಾಪ ಹೆದರಿಕೊಂಡವರಿದ್ದಾರೆ.

ಬಾಣೆ ಅಂದರೆ ಗದ್ದೆಗೆ ಅಂಟಿಕೊಂಡಂತೆ ಕೊಟ್ಟ ಮರಗಿಡದ ಏರು ಜಾಗ. ದನ ಮೇಯಿಸಲು, ಸೌದೆಗೆ, ಸೊಪ್ಪಿಗೆ, ಮನೆಗೆ ಬೇಕಾದ ಮರಕ್ಕೆ ಅಂತ ಕಂದಾಯವಿಲ್ಲದೆ ಬಿಟ್ಟದ್ದು. ಈಗ ಬಹುಪಾಲು ಬಾಣೆಯಲ್ಲಿ ಕಾಫಿ ಇದೆ. ಜಮ್ಮ ಗದ್ದೆಗೆ ಸೇರಿದ್ದು ಜಮ್ಮ ಬಾಣೆ. ರೈತರ ಹಾಳೆಯಲ್ಲಿ ಹೀಗೆ ಬರೆಯಬಹುದು: "ಬಾಣೆ: ಗದ್ದೆಯ ಜೊತೆ ಕೊಟ್ಟ ಜಾಗ. ಗದ್ದೆಯ ಪಹಣಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು."

ಇದರ ಜೊತೆಗೇ ಮರದ ಮಾತು. ಪಹಣಿಯಲ್ಲೋ ಹಳೆ ಪತ್ರದಲ್ಲೋ "ರಿಡೀಮ್ಡ್", "ಅನ್‌ರಿಡೀಮ್ಡ್" ಅಂತ ಇರಬಹುದು. ಜಮೀನಿನಲ್ಲಿರುವ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಮರದ ಹಕ್ಕು ಪಡೆದಿದ್ದರೆ ರಿಡೀಮ್ಡ್. ಕಟ್ಟಿಲ್ಲದಿದ್ದರೆ ಅನ್‌ರಿಡೀಮ್ಡ್, ಅಲ್ಲಿ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿರುತ್ತದೆ. ಭೂಮಿ ಅನುಭವದಲ್ಲಿದೆ ಅಂದ ಮಾತ್ರಕ್ಕೆ ಬೀಟೆ ಮರ ಕಡಿಯಬಹುದು ಅಂತಲ್ಲ. ರಿಡೀಮ್ಡ್ ಆಗಿದ್ದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಲು ಹೇಳಿ.

ಪಹಣಿಯಲ್ಲಿ "ಪೈಸಾರಿ" ಅಂತ ಕಂಡರೆ ಅದು ಸರ್ಕಾರಿ ಜಾಗ. ಎಷ್ಟು ವರ್ಷದಿಂದ ತೋಟ ಮಾಡಿಕೊಂಡಿದ್ದರೂ ಮಂಜೂರಾತಿ ಆಗುವವರೆಗೆ ಸರ್ಕಾರದ್ದೇ. "ದೇವರಕಾಡು" ಅಂತಿದ್ದರೆ ಆಸೆಯನ್ನೇ ಬಿಡುವುದು ಒಳ್ಳೆಯದು.

ಪಟ್ಟೆದಾರ ಮತ್ತು ವಗೈರೆ

ನಮ್ಮ ರೈತರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಒಕ್ಕ ಅಂದರೆ ಒಂದೇ ಮನೆ ಹೆಸರಿನ ಕೂಡು ಕುಟುಂಬ. ಪಟ್ಟೆದಾರ ಅಂದರೆ ಒಕ್ಕದ ಪರವಾಗಿ ಯಾರ ಹೆಸರಿನಲ್ಲಿ ಜಮ್ಮ ದಾಖಲಾಗಿದೆಯೋ ಅವರು. ಸಾಮಾನ್ಯವಾಗಿ ಆ ಕಾಲದ ಹಿರಿಯರು. ಕಂದಾಯ ಕಟ್ಟುವ ಹೊಣೆ ಅವರದು. "ಪಟ್ಟೆದಾರ ಅಂದರೆ ಮಾಲೀಕ" ಅಂತ ಬರೆದರೆ ತಪ್ಪಾಗುತ್ತದೆ. ಒಕ್ಕದ ಆಸ್ತಿಯಲ್ಲಿ ಉಳಿದವರಿಗೂ ಹಕ್ಕಿರುತ್ತದೆ. ಪಟ್ಟೆದಾರರ ಕಡೆಯವರು "ಪಹಣಿ ನಮ್ಮ ಅಜ್ಜನ ಹೆಸರಲ್ಲಿದೆ, ಎಲ್ಲ ನಮ್ಮದೇ" ಅನ್ನುವುದೂ ತಪ್ಪು. ಉಳಿದವರು "ನಮ್ಮ ಹೆಸರಿಲ್ಲ, ನಮಗೆ ಏನೂ ಇಲ್ಲ" ಅಂದುಕೊಳ್ಳುವುದೂ ತಪ್ಪು.

ವಗೈರೆ ಅಂದರೆ "ಮತ್ತು ಇತರರು". ಚಿಕ್ಕ ಪದ, ಒಳಗೆ ಒಂದು ಇಡೀ ಸಂಸಾರ. ಯಾರು ಆ ಇತರರು, ಯಾರಿಗೆ ಎಷ್ಟು ಅಂತ ಈ ಪದ ಹೇಳುವುದಿಲ್ಲ.

ಜಂಟಿ ಹೆಸರುಗಳಿರುವ ಕೆಲವು ಪಹಣಿಗಳಲ್ಲಿ ವಿಸ್ತೀರ್ಣ ಒಂದೇ ಹೆಸರಿನ ಎದುರು ಬಂದು, ಉಳಿದ ಹೆಸರುಗಳ ಎದುರು ಖಾಲಿ ಇರುತ್ತದೆ ಅಥವಾ ಸೊನ್ನೆ ಇರುತ್ತದೆ. ಸೊನ್ನೆ ನೋಡಿ "ಅಪ್ಪನಿಗೆ ಪಾಲೇ ಇಲ್ಲ" ಅಂತ ಓದಬಾರದು. ಎಲ್ಲರದ್ದೂ ಒಟ್ಟಿಗೆ ಇದೆ, ಪಾಲಾಗಿಲ್ಲ ಅಂತ ಅಷ್ಟೇ.

ಆದ್ದರಿಂದ ರೈತರಿಗೆ ಕೊಡುವ ಉತ್ತರ ಹೀಗಿರಲಿ: "ಈ ಜಮೀನು ನಿಮ್ಮದಲ್ಲ ಅಂತ ಕಾಗದ ಹೇಳುತ್ತಿಲ್ಲ. ನಿಮಗೆ ಎಷ್ಟು ಅಂತಲೂ ಹೇಳುತ್ತಿಲ್ಲ. ನಿಮ್ಮ ಅಪ್ಪನ ಹೆಸರಿದೆ, ಆದರೆ ಅಪ್ಪನಿಂದ ನಿಮಗೆ ಇನ್ನೂ ಬಂದಿಲ್ಲ."

ಹೆಸರು ಓದುವಾಗ ಇನಿಷಿಯಲ್ ಬಿಡಬೇಡಿ. ಕೊಡವರಲ್ಲಿ ಮೊದಲ ಅಕ್ಷರ ಮನೆ ಹೆಸರಿನದು, ಆಮೇಲಿನದು ಅಪ್ಪನದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರು ಎರಡು ತಲೆಮಾರಿಗೆ ಬಂದಿರುತ್ತದೆ. ಪಹಣಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಮನೆ ಹೆಸರು ಇದ್ದರೆ ಅದನ್ನು ಹಾಳೆಯಲ್ಲಿ ಗುರುತು ಮಾಡಿ. ಸಾಲಕ್ಕೆ ಹೋದಾಗ ಕೇಳುವುದೇ ಅದನ್ನು.

ಕಾಲಂ 10: ಹೆಸರು ಹೇಗೆ ಬಂತು

ಕಾಲಂ 9 ಯಾರು ಅಂತ ಹೇಳಿದರೆ, 10 ಹೇಗೆ ಬಂದರು ಅಂತ ಹೇಳುತ್ತದೆ. ಇಲ್ಲಿ ಬರುವ ಪದಗಳು ಕೆಲವೇ. ಕ್ರಯ ಅಂದರೆ ಕೊಂಡದ್ದು. ದಾನ ಅಂದರೆ ಉಚಿತವಾಗಿ ಬರೆದುಕೊಟ್ಟದ್ದು. ವಿಭಾಗ ಅಂದರೆ ಪಾಲಾದದ್ದು. ಹಕ್ಕು ಬಿಡುಗಡೆ ಅಂದರೆ ಒಬ್ಬರು ತಮ್ಮ ಪಾಲು ಬಿಟ್ಟುಕೊಟ್ಟದ್ದು. ಈ ಕೊನೆಯದನ್ನು ಹೆಣ್ಣುಮಕ್ಕಳಿಗೆ ನಿಧಾನವಾಗಿ ವಿವರಿಸಬೇಕು. "ಸುಮ್ನೆ ಒಂದು ಸಹಿ" ಅಂತ ಹೇಳಿ ಹಾಕಿಸಿಕೊಳ್ಳುವ ಪತ್ರ ಹೆಚ್ಚಾಗಿ ಇದೇ.

ಪೌತಿ ಅಂದರೆ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಬರುವುದು. ಪೌತಿ ಆದ ಮಾತ್ರಕ್ಕೆ ಜಾಗ ಪಾಲಾಗುವುದಿಲ್ಲ. ಮೂವರು ಮಕ್ಕಳಿದ್ದರೆ ಮೂವರ ಹೆಸರೂ ಜಂಟಿಯಾಗಿ ಬರುತ್ತದೆ. ಪೌತಿ ಮಾಡಿಸಿದರೆ ನನ್ನ ಒಂದು ಎಕರೆ ಬೇರೆಯಾಗುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಆಮೇಲೆ ಬೇಜಾರಾಗುವುದಕ್ಕಿಂತ ಮೊದಲೇ ಹೇಳಿಬಿಡಿ.

ಎಂ.ಆರ್. 12/1987-88 ಅಂದರೆ ಆ ಸಾಲಿನ ಹಕ್ಕು ಬದಲಾವಣೆ ಪುಸ್ತಕದ 12ನೇ ನಮೂದು. ಕಚೇರಿಯಲ್ಲಿ ಮ್ಯುಟೇಶನ್ ಅಂತಾರೆ. ನಮ್ಮ ಉದಾಹರಣೆಯಲ್ಲಿ ಅತ್ಯಂತ ಬೆಲೆಯುಳ್ಳ ಸುಳಿವು ಇದು. ಈ ನಂಬರ್ ಕೊಟ್ಟು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಹಾಕಿ ಆ ಪುಟದ ನಕಲು ತೆಗೆಸಬೇಕು. ರಾಜ್ಯದ ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದದ್ದು 2000ದ ಆಚೀಚೆ. 1987ರದ್ದು ಕೈಬರಹದ ಪುಸ್ತಕದಲ್ಲೇ ಇರುತ್ತದೆ. ಆ ಪುಟದಲ್ಲಿ ಯಾರು ತೀರಿಕೊಂಡರು, ವಾರಸುದಾರರು ಅಂತ ಯಾರ ಯಾರ ಹೆಸರು ಕೊಟ್ಟರು ಎಂಬುದು ಇರುತ್ತದೆ. ಪಹಣಿಯಲ್ಲಿ "ವಗೈರೆ" ಆಗಿ ಕುಗ್ಗಿದ್ದು ಅಲ್ಲಿ ಪೂರ್ತಿ ಹೆಸರುಗಳಾಗಿ ಸಿಗುವ ಸಾಧ್ಯತೆ ಇದೆ. ಸಿಕ್ಕರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಾಳೆ ಹೇಗೆ ಕಾಣಬೇಕು

ಇಷ್ಟು ಓದಿದ ಮೇಲೆ ಈ ರೈತರಿಗೆ ನಾನು ಬರೆದುಕೊಡುವುದು ಹೀಗೆ:

*ಪಟ್ಟೆದಾರ* – ಒಕ್ಕದ ಪರವಾಗಿ ಹೆಸರಿರುವ ಹಿರಿಯರು. ನಿಮಗೆ: ಅವರೊಬ್ಬರದೇ ಜಮೀನು ಅಂತ ಅಲ್ಲ.

*ವಗೈರೆ* – ಇನ್ನೂ ಕೆಲವರಿದ್ದಾರೆ. ನಿಮಗೆ: ಯಾರು ಅಂತ ಎಂ.ಆರ್. 12/1987-88ರ ನಕಲಿನಲ್ಲಿ ನೋಡಬೇಕು.

*ಪೌತಿ* – ತೀರಿಕೊಂಡವರಿಂದ ವಾರಸುದಾರರಿಗೆ. ನಿಮಗೆ: ಅಪ್ಪನ ಪೌತಿ ಆಗಬೇಕು. ನಿಮ್ಮ ಅಮ್ಮ, ಅಕ್ಕ-ತಂಗಿ, ಅಣ್ಣ-ತಮ್ಮ ಎಲ್ಲರ ಹೆಸರೂ ಬರುತ್ತದೆ.

*ಬಿ ಖರಾಬು 15 ಸೆಂಟ್* – ತೋಡು, ದಾರಿ. ನಿಮಗೆ: ಪಾಲಿನ ಲೆಕ್ಕಕ್ಕೆ ಸೇರುವುದಿಲ್ಲ.

ಇದಕ್ಕಿಂತ ಉದ್ದ ಬೇಡ. ಒಂದೇ ಪುಟ, ದೊಡ್ಡ ಅಕ್ಷರ. ಕಾನೂನಿನ ಕಲಂ ನಂಬರುಗಳನ್ನು ಹಾಳೆಗೆ ಹಾಕಬೇಡಿ. ಅವು ನಿಮಗೆ ಗೊತ್ತಿದ್ದರೆ ಸಾಕು.

ಪೌತಿಗೆ ಬೇಕಾದ ಕಾಗದಗಳನ್ನು ಹಾಳೆಯ ಹಿಂದೆ ಬರೆಯಿರಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಗುರುತಿನ ಕಾಗದ. ವಂಶವೃಕ್ಷ ಅಂದರೆ ತೀರಿಕೊಂಡವರಿಗೆ ಯಾರು ಯಾರು ವಾರಸುದಾರರು ಅಂತ ಕಂದಾಯ ಇಲಾಖೆ ಕೊಡುವ ಪಟ್ಟಿ. ಇದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಆದ ಪೌತಿ ಮುಂದೆ ತಕರಾರಿಗೆ ಬೀಳುತ್ತದೆ. ಅರ್ಜಿ ಬಂದ ಮೇಲೆ ಇಲಾಖೆ ನೋಟಿಸ್ ಹೊರಡಿಸಿ ಆಕ್ಷೇಪಣೆ ಕೇಳುತ್ತದೆ, ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಊರಲ್ಲಿ ಇನ್ನೂ ಅವರನ್ನು ವಿ.ಎ. ಅಂತಲೇ ಕರೆಯುವುದು. ಯಾರೂ ಆಕ್ಷೇಪಿಸದಿದ್ದರೆ ಹೆಸರು ಏರುತ್ತದೆ. ಆಕ್ಷೇಪಣೆ ಬಂದರೆ "ತಕರಾರು" ಅಂತ ಬೇರೆ ದಾರಿಗೆ ಹೋಗುತ್ತದೆ. ಆದ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಯವರ ಮುಂದೆ ಮೇಲ್ಮನವಿ ಹಾಕಬಹುದು.

ತನ್ನ ಒಂದು ಎಕರೆಯನ್ನು ಬೇರೆ ಮಾಡಿಕೊಳ್ಳಬೇಕಾದರೆ ಅದು ಪೌತಿಯ ನಂತರದ ಕೆಲಸ. ಒಕ್ಕದವರು ಒಪ್ಪಬೇಕು, ಸರ್ವೆಯವರು ಬಂದು ಅಳೆದು 11ಇ ನಕ್ಷೆ ಮಾಡಬೇಕು, ವಿಭಾಗ ಪತ್ರ ನೋಂದಣಿ ಆಗಬೇಕು. 11ಇ ನಕ್ಷೆ ಅಂದರೆ ಒಂದು ಸರ್ವೆ ನಂಬರಿನಲ್ಲಿ ಯಾವ ತುಂಡು ಯಾರಿಗೆ ಅಂತ ನೋಂದಣಿಗೆ ಮೊದಲೇ ಅಳೆದು ಬರೆದ ನಕ್ಷೆ. ಪೋಡಿ ಅಂದರೆ ಆ ತುಂಡಿಗೆ ಬೇರೆ ಹಿಸ್ಸಾ ನಂಬರ್ ಕೊಟ್ಟು ಬೇರೆ ಪಹಣಿ ಮಾಡುವುದು. ಹದ್ದುಬಸ್ತು ಅಂದರೆ ಇರುವ ಗಡಿಯನ್ನು ಅಳೆದು ತೋರಿಸುವುದು ಮಾತ್ರ. ಬೇಲಿ ಜಗಳಕ್ಕೆ ಹದ್ದುಬಸ್ತು, ಪಾಲಿಗೆ ಪೋಡಿ. ತಪ್ಪು ಅರ್ಜಿ ಹಾಕಿದರೆ ಸರ್ವೆಯರ್ ಬಂದು ಅಳೆದು ಹೋಗುತ್ತಾರೆ, ಬೇಕಾದ ಕೆಲಸ ಮಾತ್ರ ಆಗಿರುವುದಿಲ್ಲ.

ಕಾಲಂ 11: ಋಣ

ಇಲ್ಲಿ ಬರೀ ಸಾಲ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ನ್ಯಾಯಾಲಯದ ತಡೆಯಾಜ್ಞೆ, ದಾರಿಯ ಹಕ್ಕು, "ಪರಭಾರೆ ನಿಷೇಧ" ಎಲ್ಲ ಇಲ್ಲಿಗೇ ಬರುತ್ತದೆ. ಪರಭಾರೆ ಅಂದರೆ ಮಾರುವುದು, ದಾನ ಕೊಡುವುದು, ಹೇಗಾದರೂ ಇನ್ನೊಬ್ಬರ ಕೈಗೆ ಹೋಗುವುದು. ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕ ಯರವರು, ಜೇನುಕುರುಬರ ಮನೆಗಳಲ್ಲಿ ಇದನ್ನು ಹೀಗೆ ಹೇಳಿ: ಜಮೀನು ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ.

ನಮ್ಮ ಉದಾಹರಣೆಯ 60,000 ರೂಪಾಯಿ ಸಾಲವನ್ನು ಅಪ್ಪ ತೀರಿಸಿದ್ದರು ಅಂತ ರೈತರು ಹೇಳುತ್ತಾರೆ. ತೀರಿಸಿರಬಹುದು. ಸಾಲ ತೀರಿದರೂ ನಮೂದು ತಾನಾಗಿ ಹೋಗಿರುವುದಿಲ್ಲ. ಸಾಲ ಕೊಟ್ಟವರಿಂದ ಋಣಮುಕ್ತ ಪತ್ರ ತಂದು ಆ ನಮೂದನ್ನು ತೆಗೆಸಬೇಕು. ಇದನ್ನು ಪೌತಿಯ ಅರ್ಜಿಗೆ ಮೊದಲೇ ವಿಚಾರಿಸಿಕೊಂಡರೆ ಓಡಾಟ ಒಂದು ಕಡಿಮೆ.

ಹಳೆ ಪತ್ರಗಳಲ್ಲಿ "ಭೋಗ್ಯ" ಅಂತ ಕಂಡರೆ ಜಾಗ್ರತೆ. ಅಡಮಾನದಲ್ಲಿ ಜಮೀನು ಸಾಲ ತೆಗೆದವರ ಕೈಯಲ್ಲೇ ಇರಬಹುದು. ಸ್ವಾಧೀನ ಭೋಗ್ಯದಲ್ಲಿ ಸಾಲ ಕೊಟ್ಟವರು ಜಮೀನನ್ನೇ ಇಟ್ಟುಕೊಂಡು ಅನುಭವಿಸುತ್ತಾರೆ. ಭೋಗ್ಯಕ್ಕೆ ಕೊಟ್ಟದ್ದನ್ನು ಮಾರಿದ್ದು ಅಂತ ಎರಡನೇ ತಲೆಮಾರು ನಂಬಿಬಿಟ್ಟಿರುತ್ತದೆ.

ಪಹಣಿಯ 11ನೇ ಕಾಲಂ ಖಾಲಿ ಇದೆ ಅಂದರೆ ಋಣವೇ ಇಲ್ಲ ಅಂತ ಹೇಳಬೇಡಿ. ನೋಂದಣಿಯಾದ ಅಡಮಾನ, ಕರಾರು ಗೊತ್ತಾಗುವುದು ಉಪನೋಂದಣಾಧಿಕಾರಿ ಕಚೇರಿಯ ಇ.ಸಿ.ಯಲ್ಲಿ. ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನೀವು ಹೇಳಬಾರದ ಮಾತು

ಪಹಣಿಯಲ್ಲಿ ಹೆಸರಿದ್ದರೆ, ಬೇರೆ ಥರ ಸಾಬೀತಾಗುವವರೆಗೆ ಅದು ಸರಿ ಅಂತ ಕಾನೂನು ಭಾವಿಸುತ್ತದೆ. ಹಾಗಂತ ಪಹಣಿಯೇ ಮಾಲೀಕತ್ವದ ಪತ್ರ ಅಲ್ಲ. ಅದಕ್ಕೇ "ಇದು ನಿಮ್ಮದೇ" ಅಥವಾ "ನಿಮಗೆ ಇಷ್ಟು ಪಾಲು ಬರುತ್ತದೆ" ಅಂತ ಹೇಳುವುದು ಓದಿ ಹೇಳುವವರ ಕೆಲಸವಲ್ಲ. ಜಮ್ಮ ಬಾಣೆಯಲ್ಲಂತೂ ಕೋರ್ಟುಗಳೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿವೆ. ತಡೆಯಾಜ್ಞೆ, ತಕರಾರು, ಪರಭಾರೆ ನಿಷೇಧ ಈ ಮೂರರಲ್ಲಿ ಒಂದು ಕಂಡರೂ ಅರ್ಥ ಹೇಳಿ, ಅಲ್ಲಿಗೆ ನಿಲ್ಲಿಸಿ, ವಕೀಲರ ಹತ್ತಿರ ಕಳಿಸಿ. ದುಡ್ಡಿಲ್ಲ ಅಂದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಲಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಕಾಲಂ 12ರಲ್ಲಿ ಬೆಳೆ ಮತ್ತು ಸಾಗುವಳಿದಾರರ ವಿವರ ಇರುತ್ತದೆ. ಇಲ್ಲಿ ನೋಡಬೇಕಾದದ್ದು ಒಂದೇ. ತೋಟದಲ್ಲಿ ಕಾಫಿ ಇದ್ದು ಪಹಣಿಯಲ್ಲಿ ಬೇರೇನೋ ಬೆಳೆ ಬಂದಿದ್ದರೆ, ಬೆಳೆ ಸಾಲಕ್ಕೂ ಪರಿಹಾರಕ್ಕೂ ತೊಡಕಾಗುತ್ತದೆ. ಬೆಳೆ ಸಮೀಕ್ಷೆ ನಡೆಯುವಾಗಲೇ ಸರಿ ಮಾಡಿಸಿಕೊಳ್ಳಲು ಹೇಳಿ.

ಹಾಳೆ ಬರೆದಾದ ಮೇಲೆ ಅವರಿಂದಲೇ ಒಮ್ಮೆ ಹೇಳಿಸಿ. "ಕಚೇರಿಯಲ್ಲಿ ಏನು ಕೇಳುತ್ತೀರಿ?" ಅಂತ ಕೇಳಿ ನೋಡಿ. "ಅಪ್ಪನ ಪೌತಿ ಮಾಡಿಸಬೇಕು, 1987-88ರ ಎಂ.ಆರ್. 12ರ ನಕಲು ಬೇಕು" ಅಂತ ಬಂದರೆ ಸರಿ. "ನನ್ನ ಎಕರೆ ಬೇರೆ ಮಾಡಿಕೊಡಿ" ಅಂತ ಬಂದರೆ ಪೌತಿ, ವಿಭಾಗದ ಸಾಲುಗಳನ್ನು ಇನ್ನೊಮ್ಮೆ ಓದಿ ಹೇಳಿ. ಹಾಳೆಯ ಮೂಲೆಯಲ್ಲಿ ಸರ್ವೆ ನಂಬರ್ ಮತ್ತು ಪಹಣಿ ತೆಗೆದ ದಿನಾಂಕ ಹಾಕಿ. ಕಾಲಂ 11 ಯಾವಾಗ ಬೇಕಾದರೂ ಬದಲಾಗಬಹುದು.